ಕಾಫಿ ಆಯ್ತಾ?

ಮೈಸೂರಿನ ಸರಸ್ವತಿಪುರಂನಿಂದ ಕುಕ್ಕರಹಳ್ಳಿ ಕೆರೆಯ ಕಡೆಗೆ ಹೋಗುವ ನಮ್ಮ ದಾರಿಯಲ್ಲಿ ಒಂದು ಹಾಲಿನ ಬೂತ್ ಇದೆ. ಅದರ ಪಕ್ಕದಲ್ಲಿ ಮೋರಿಯ ಕಲ್ಲಿನ ಮೇಲೆ ಗೋಣಿತಾಟು ಹಾಸಿಕೊಂಡು ಹೂವಮ್ಮ ಕೂರುತ್ತಾಳೆ. ಬೆಳಗ್ಗೆ ಆರೂಕಾಲಿಗೆ ಆ ಮೂಲೆಗೆ ಬಂದರೆ ಅವರು ಸಿಗುತ್ತಿದ್ದರು. ಬಿಳಿ ಪಂಚೆ, ತುಂಬುತೋಳಿನ ಸ್ವೆಟರ್, ಕಿವಿ ಮುಚ್ಚುವ ಟೋಪಿ, ಮಳೆ ಇರಲಿ ಬಿಡಲಿ ಕೈಯಲ್ಲೊಂದು ಛತ್ರಿ. ಎಂಬತ್ತು ದಾಟಿದ ವಯಸ್ಸು. ಎದುರಿಗೆ ಯಾರೇ ಬಂದರೂ ಛತ್ರಿಯನ್ನು ಎಡಗೈಗೆ ಬದಲಾಯಿಸಿಕೊಂಡು, ಬಲಗೈಯನ್ನು ಎದೆಯವರೆಗೆ ಎತ್ತಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನಮಸ್ಕಾರ. ಕಾಫಿ ಆಯ್ತಾ?"

ಮೈಸೂರಿನಲ್ಲಿ ಇದು ಪ್ರಶ್ನೆಯಲ್ಲ ಅನ್ನುವುದು ನಿಮಗೂ ಗೊತ್ತು. ಆಗಿಲ್ಲ ಅಂದರೆ ಕೇಳಿದವರೇನೂ ಫಿಲ್ಟರ್ ಹಾಕಿ ಕೊಡುವುದಿಲ್ಲ. "ಆಯ್ತು, ನಿಮ್ದು?" ಅನ್ನಬೇಕು. "ಈಗ ಹೋಗಿ ಕುಡೀಬೇಕು" ಅನ್ನುತ್ತಾ ಅವರು ಮುಂದೆ ಹೋಗುತ್ತಿದ್ದರು. ಆರು ವರ್ಷ, ಭಾನುವಾರವೂ ಸೇರಿದಂತೆ, ನಮ್ಮಿಬ್ಬರ ನಡುವೆ ನಡೆದ ಮಾತು ಇಷ್ಟೇ. ಹೂವಮ್ಮನನ್ನು ಮಾತ್ರ "ಏನವ್ವಾ, ಮೊಳ ಎಷ್ಟು ಇವತ್ತು?" ಎಂದು ಕೇಳುತ್ತಿದ್ದರು. ಕೊಳ್ಳುತ್ತಿರಲಿಲ್ಲ. ಅವಳೂ ದಿನಾ ರೇಟು ಹೇಳುತ್ತಿದ್ದಳು.

ಕಳೆದ ಕಾರ್ತಿಕದ ಒಂದು ಸೋಮವಾರ ಅವರು ಬರಲಿಲ್ಲ.

ಅವತ್ತು ನನಗೆ ಆತಂಕವಾಗಲಿಲ್ಲ. ಸ್ವಲ್ಪ ಹಾಯೆನಿಸಿತು ಎಂದರೂ ತಪ್ಪಿಲ್ಲ. ಕಿವಿಯಲ್ಲಿ ಹಾಡು ಕೇಳುತ್ತಾ ಹೋಗುವವನು ಆ ಮೂಲೆಯಲ್ಲಿ ಇಯರ್‌ಫೋನ್ ತೆಗೆಯಬೇಕಾಗುತ್ತಿತ್ತು, ಅವತ್ತು ತೆಗೆಯಬೇಕಾಗಲಿಲ್ಲ. ಹಾಲಿನ ಬೂತಿನವನು ಚಳಿಗೆ ಮಲಗಿರಬೇಕು ಅಂದುಕೊಂಡನಂತೆ. ಹೂವಮ್ಮ ಮಗಳ ಮನೆಗೆ ಹೋಗಿರಬಹುದು ಅಂದುಕೊಂಡಳಂತೆ. ಎಲ್ಲರಿಗೂ ಗೊತ್ತಾಯಿತು, ಯಾರೂ ಯಾರಿಗೂ ಹೇಳಲಿಲ್ಲ.

ಹೀಗೆ ದಿನಾ ನೋಡಿಯೂ ಪರಿಚಯವಿಲ್ಲದ ಮನುಷ್ಯರ ಬಗ್ಗೆ ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1972ರಲ್ಲಿ ಒಂದು ಸಣ್ಣ ಲೇಖನ ಬರೆದಿದ್ದಾರೆ. ಅವರ ವಿದ್ಯಾರ್ಥಿಗಳು ನ್ಯೂಯಾರ್ಕಿನ ಒಂದು ರೈಲು ನಿಲ್ದಾಣಕ್ಕೆ ಬೆಳಗಿನ ಹೊತ್ತು ಹೋಗಿ, ಕೆಲಸಕ್ಕೆ ಹೊರಟು ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಫೋಟೋ ತೆಗೆದರು. ಮುಂದಿನ ವಾರ ಅದೇ ಹೊತ್ತಿಗೆ ಹೋಗಿ ಆ ಫೋಟೋಗಳನ್ನು ಅಲ್ಲಿದ್ದವರಿಗೇ ಹಂಚಿ, ಇದರಲ್ಲಿ ಯಾರನ್ನು ಬಲ್ಲಿರಿ ಎಂದು ಕೇಳಿದರು. ಸರಾಸರಿ ಒಬ್ಬೊಬ್ಬರೂ ನಾಲ್ವರ ಮುಖ ಗುರುತಿಸಿದರು, ಆದರೆ ಆ ನಾಲ್ವರ ಜೊತೆ ಒಂದು ಮಾತೂ ಆಡಿರಲಿಲ್ಲ. ಮಾತಾಡಿ ಬಲ್ಲವರ ಲೆಕ್ಕ ಒಂದೂವರೆ ಮಾತ್ರ. ಮಿಲ್‌ಗ್ರಾಂ ಇವರನ್ನು ಪರಿಚಿತ ಅಪರಿಚಿತರು ಎಂದು ಕರೆದರು.

ಆ ಲೇಖನದಲ್ಲಿ ನನಗೆ ತಟ್ಟಿದ್ದು ಲೆಕ್ಕಗಳಲ್ಲ, ಮಿಲ್‌ಗ್ರಾಂ ಗಮನಿಸಿದ ಒಂದು ವಿಚಿತ್ರ. ಮಾತಾಡದೆ ಕಳೆದ ವರ್ಷಗಳು ಹೆಚ್ಚಿದಷ್ಟೂ ಮಾತಾಡುವುದು ಕಷ್ಟವಾಗುತ್ತದೆ. ಗಂಟೆ ಎಷ್ಟು ಎಂದು ಕೇಳಬೇಕಾದರೆ ಮುಖವೇ ಗೊತ್ತಿಲ್ಲದವನನ್ನು ಕೇಳುತ್ತೇವೆಯೇ ಹೊರತು ವರ್ಷಗಟ್ಟಲೆ ಪಕ್ಕದಲ್ಲೇ ನಿಂತವನನ್ನಲ್ಲ. ಅದೇ ಇಬ್ಬರು ದೂರದ ಊರಿನಲ್ಲಿ ಎದುರಾದರೆ ತಾವಾಗಿ ಮಾತಿಗಿಳಿಯುತ್ತಾರೆ. ತಿರುಪತಿಯ ಕ್ಯೂನಲ್ಲಿ ನಮ್ಮ ಬೀದಿಯವರು ಸಿಕ್ಕರೆ ನಾವು ತಬ್ಬಿಕೊಳ್ಳುವುದೊಂದು ಬಾಕಿ. ವಾಪಸ್ ಬಂದ ಮೇಲೆ ಮತ್ತೆ ತಲೆ ತಗ್ಗಿಸಿ ನಡೆಯುತ್ತೇವೆ.

ನಮ್ಮ ತಾತ ಆ ಗೋಡೆಯನ್ನು ಅರ್ಧ ಒಡೆದಿದ್ದರು. ಎರಡು ಮಾತು ಇತ್ತು. ಆದರೆ ಮೂರನೆಯ ಮಾತಿಗೆ, ಅಂದರೆ ನಿಮ್ಮ ಹೆಸರೇನು, ಮನೆ ಎಲ್ಲಿ ಎಂಬುದಕ್ಕೆ, ಆರು ವರ್ಷದಲ್ಲಿ ಹೊತ್ತು ಬಂದಿರಲಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಆದ ಒಂದು ನಿಜವಾದ ಕತೆ ಬರ್ಮುಡಾದಲ್ಲಿದೆ. ಅಟ್ಲಾಂಟಿಕ್ ಸಾಗರದ ನಡುವೆ ಸುಮಾರು ಅರವತ್ತೈದು ಸಾವಿರ ಜನರಿರುವ ಪುಟ್ಟ ದ್ವೀಪ ಅದು. ಅಲ್ಲಿನ ಜಾನಿ ಬಾರ್ನ್ಸ್ ಎಂಬಾತ ಮೊದಲು ರೈಲ್ವೆಯಲ್ಲಿ ಎಲೆಕ್ಟ್ರಿಷಿಯನ್, ಆಮೇಲೆ ಬಸ್ ಡ್ರೈವರ್. ಕೆಲಸದಿಂದ ನಿವೃತ್ತರಾದ ಮೇಲೆ, 1986ರ ಸುಮಾರಿಗೆ, ರಾಜಧಾನಿ ಹ್ಯಾಮಿಲ್ಟನ್‌ಗೆ ಹೋಗುವ ದಾರಿಯ ಕ್ರೋ ಲೇನ್ ವೃತ್ತದಲ್ಲಿ ನಿಂತು ವಾಹನಗಳಲ್ಲಿ ಹೋಗುವವರಿಗೆಲ್ಲ ಕೈ ಬೀಸಲು ಶುರುಮಾಡಿದರು. ನಿಮ್ಮನ್ನು ಪ್ರೀತಿಸುತ್ತೇನೆ, ದೇವರೂ ಪ್ರೀತಿಸುತ್ತಾನೆ ಎಂದು ಕೂಗುತ್ತಿದ್ದರು. ವಾರದ ಐದು ದಿನ, ಬೆಳಕು ಹರಿಯುವ ಮೊದಲೇ ಬಂದು ಹತ್ತು ಗಂಟೆಯವರೆಗೆ. ಗಡ್ಡ, ಹುಲ್ಲಿನ ಹ್ಯಾಟು. 1998ರಲ್ಲಿ, ಅವರು ಬದುಕಿರುವಾಗಲೇ, ಕೈ ಎತ್ತಿ ನಿಂತ ಅವರ ಕಂಚಿನ ಪ್ರತಿಮೆಯನ್ನು ಆ ವೃತ್ತದ ಹತ್ತಿರವೇ ನಿಲ್ಲಿಸಿದರು. ಪ್ರತಿಮೆಯನ್ನು ದಾಟಿ ಹೋಗಿ ಮನುಷ್ಯ ಕೈ ಬೀಸುತ್ತಿದ್ದ! 2015ರ ಡಿಸೆಂಬರ್‌ವರೆಗೆ ಅದು ನಡೆಯಿತು. 2016ರ ಜುಲೈಯಲ್ಲಿ, 93ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಆ ವರ್ಷಗಳಲ್ಲಿ ಅವರು ಯಾವತ್ತಾದರೂ ಬರದಿದ್ದರೆ ಜನ ರೇಡಿಯೋ ಸ್ಟೇಷನ್ನಿಗೆ ಫೋನ್ ಮಾಡುತ್ತಿದ್ದರು: ಇವತ್ತು ಜಾನಿ ಕಾಣಲಿಲ್ಲ, ಏನಾಯಿತು? ನನಗೆ ಆ ಕಂಚಿನ ಪ್ರತಿಮೆಗಿಂತ ಈ ಫೋನೇ ದೊಡ್ಡದಾಗಿ ಕಾಣುತ್ತದೆ. ಇಡೀ ದ್ವೀಪಕ್ಕೆ ಅವರ ಹೆಸರು ಗೊತ್ತಿತ್ತು, ಇಲ್ಲ ಅನ್ನಿಸಿದಾಗ ಕೇಳುವುದಕ್ಕೆ ಒಂದು ಜಾಗ ಇತ್ತು. ನಮ್ಮ ಬೀದಿಯಲ್ಲಿ ಇಲ್ಲದ್ದು ಇವೆರಡೇ. ಅವರು ಬಂದಿಲ್ಲ ಎಂಬುದು ಸೋಮವಾರವೇ ಹತ್ತಾರು ಜನರ ತಲೆಯಲ್ಲಿ ಇತ್ತು. ಅದು ಹೋಗಿ ಸೇರುವ ಜಾಗ ಇರಲಿಲ್ಲ.

ಮಂಗಳವಾರವೂ ಅವರು ಬರಲಿಲ್ಲ. ಹೂವಮ್ಮನೇ ಬಾಯಿ ಬಿಟ್ಟಳು. "ಸಾಮಿ, ಆ ತಾತ ಎರಡು ದಿನ ಆಯ್ತು ಕಾಣ್ತಿಲ್ಲ. ನಿಮಗೇನಾದ್ರೂ ಗೊತ್ತಾ?"

ಮುಂದಿನ ಇಪ್ಪತ್ತು ನಿಮಿಷದಲ್ಲಿ ನಡೆದದ್ದನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಅವರು ಯಾವ ಕಡೆಯಿಂದ ಬರುತ್ತಾರೆ ಎಂಬುದು ನನಗೆ ಗೊತ್ತಿತ್ತು, ಮನೆ ಗೊತ್ತಿರಲಿಲ್ಲ. ಒಬ್ಬರೇ ಇರುವುದು ಎಂದು ಹೂವಮ್ಮನಿಗೆ ಗೊತ್ತಿತ್ತು: "ಅಮ್ಮಾವ್ರು ಇದ್ದಾಗ ದಿನಾ ಎರಡು ಮೊಳ ತಗೊಂತಿದ್ರು. ಅಮ್ಮಾವ್ರು ಹೋದ್ಮೇಲೆ ರೇಟು ಕೇಳ್ತಾರೆ, ಅಷ್ಟೇ." ಇದನ್ನು ಕೇಳಿದ ಮೇಲೆ ಆ ಮೊಳದ ಪ್ರಶ್ನೆ ನನಗೆ ಮೊದಲಿನ ಹಾಗೆ ತಮಾಷೆಯಾಗಿ ಉಳಿಯಲಿಲ್ಲ. ಬೂತಿನವನಿಗೆ ಅವರು ದಿನಾ ಒಯ್ಯುವ ನೀಲಿ ಅರ್ಧ ಲೀಟರ್ ಪ್ಯಾಕೆಟ್ ಗೊತ್ತಿತ್ತು. ಎರಡು ದಿನದಿಂದ ಆ ಪ್ಯಾಕೆಟ್ ಹೋಗಿಲ್ಲ. ಊರಿಗೆ ಹೋಗುವುದಿದ್ದರೆ ಹಿಂದಿನ ದಿನವೇ ನಾಳೆಯಿಂದ ಬೇಡಪ್ಪ ಎಂದು ಹೇಳಿ ಹೋಗುವವರು, ಈ ಸಲ ಹೇಳಿಲ್ಲ ಎಂದ. ಅಷ್ಟರಲ್ಲಿ ಪೇಪರ್ ಹುಡುಗ ಸೈಕಲ್ಲಿನಲ್ಲಿ ಬಂದ. ಛತ್ರಿ ತಾತ ಅಂದ ಕೂಡಲೇ ಅವನು ಅಂದ: "ನಿನ್ನೆ ಪೇಪರ್ ಇನ್ನೂ ಗೇಟಿನ ಒಳಗೇ ಬಿದ್ದಿತ್ತು ಸಾರ್. ಇವತ್ತಿಂದು ಅದರ ಮೇಲೇ ಹಾಕ್ಬಂದೆ."

ನಾಲ್ಕು ಜನರ ಹತ್ತಿರ ನಾಲ್ಕು ಚೂರು. ಜೋಡಿಸಿದ ಮೇಲೆ ಯಾರೂ ವಾದ ಮಾಡಲಿಲ್ಲ. ಪೇಪರ್ ಹುಡುಗ ಮುಂದೆ, ನಾವು ಹಿಂದೆ.

ಹಳೆಯ ಕಾಲದ ಮನೆ. ಗೇಟಿನ ಕೊಂಡಿ ಹೊರಗಿನಿಂದಲೇ ತೆಗೆಯಬಹುದಿತ್ತು. ಮೊದಲು ಕಂಡದ್ದು ಎರಡು ಪೇಪರ್, ಒಂದರ ಮೇಲೊಂದು, ಕೆಳಗಿನದು ಇಬ್ಬನಿಗೆ ನೆಂದು ಹಪ್ಪಳದ ಹಾಗೆ ಎದ್ದಿತ್ತು. ಪಕ್ಕದ ಗೋಡೆಯ ವೆಂಟಿಲೇಟರಿನಲ್ಲಿ, ಬಿಸಿಲು ಬಿದ್ದಿದ್ದರೂ, ಬಚ್ಚಲಿನ ದೀಪ ಉರಿಯುತ್ತಿತ್ತು. ಮುಂಬಾಗಿಲಿಗೆ ಹೊರಗೆ ಬೀಗ ಇಲ್ಲ, ಒಳಗಿಂದ ಚಿಲಕ. ಮನೆಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎಂದು ತಿಳಿಯಲು ಈ ಮೂರು ಸಾಕು, ಪೊಲೀಸರೂ ಆಮೇಲೆ ಇದನ್ನೇ ಹೇಳಿದರು. ಬೀಗ ಹೊರಗಿದ್ದರೆ ಊರಿಗೆ ಹೋಗಿದ್ದಾರೆ. ಚಿಲಕ ಒಳಗಿದ್ದರೆ, ಹಗಲಲ್ಲಿ ದೀಪ ಉರಿಯುತ್ತಿದ್ದರೆ, ಕೂಗಿದರೂ ಓಗೊಡದಿದ್ದರೆ ಕಾಯಬಾರದು.

ಆದರೂ ನಾವು ಕಾದೆವು. ಯಾರು ಬಡಿಯಬೇಕು? ಹೆಸರು ಗೊತ್ತಿಲ್ಲದವರ ಮನೆಯ ಬಾಗಿಲು. ಏನೆಂದು ಕೂಗಬೇಕು? ಕೊನೆಗೆ ಹೂವಮ್ಮ ಕಿಟಕಿಯ ಹತ್ತಿರ ಹೋಗಿ, "ತಾತಾ, ಹೂವಮ್ಮ ಬಂದಿವ್ನಿ, ಮೊಳ ನಲವತ್ತು!" ಎಂದು ಕೂಗಿದಳು. ಒಳಗಿನಿಂದ ಟಣ್ ಎಂದು ಸದ್ದಾಯಿತು. ಸ್ವಲ್ಪ ಬಿಟ್ಟು ಮತ್ತೊಂದು. ಸ್ಟೀಲ್ ಚೊಂಬನ್ನು ನೆಲಕ್ಕೆ ಬಡಿದ ಸದ್ದು.

112ಕ್ಕೆ ಒಂದು ಫೋನ್, 108ಕ್ಕೆ ಒಂದು. ಬಾಗಿಲು ನಾವೇ ಒಡೆಯೋಣ ಎಂದು ಬೂತಿನವನು ಹೊರಟಿದ್ದ. ಪೊಲೀಸರು ದಾರಿಯಲ್ಲಿದ್ದಾರೆ, ಹತ್ತು ನಿಮಿಷ ಕಾಯಿರಿ, ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರನ್ನು ಕರೆದು ನಿಲ್ಲಿಸಿಕೊಳ್ಳಿ ಎಂದು 112ರಲ್ಲಿ ಹೇಳಿದರು. ಪಕ್ಕದ ಮನೆಯವರು ಬಂದು ಗಾಬರಿಯಾದರು. ಮನೆಗೆಲಸದವಳ ಹತ್ತಿರ ಇನ್ನೊಂದು ಕೀ ಇದೆ, ಅವಳು ಊರ ಹಬ್ಬಕ್ಕೆ ಹೋಗಿದ್ದಾಳೆ ಎಂದರು. ಕೀ ಇದ್ದರೂ ಒಳಗಿನ ಚಿಲಕಕ್ಕೆ ಅದು ಏನೂ ಮಾಡುತ್ತಿರಲಿಲ್ಲ ಅನ್ನಿ. ಒಂಟಿಯಾಗಿರುವ ಹಿರಿಯರು ಇನ್ನೊಂದು ಕೀಲಿಕೈಯನ್ನು ನೆರೆಮನೆಯಲ್ಲಿ ಕೊಡುವುದೇನೋ ಒಳ್ಳೆಯದೇ, ಆದರೆ ರಾತ್ರಿ ಮೇಲೆ ಕೆಳಗೆ ಎರಡೂ ಚಿಲಕ ಹಾಕಿ ಮಲಗಿದರೆ ಆ ಕೀಲಿ ಬರೀ ಸಮಾಧಾನಕ್ಕೆ. ಪೊಲೀಸರು ಬಂದ ಮೇಲೆ ಬಡಗಿಯೊಬ್ಬನನ್ನು ಕರೆಸಿ ಹಿತ್ತಲ ಬಾಗಿಲಿನ ಸೊಳ್ಳೆಜಾಲರಿ ಕತ್ತರಿಸಿ ಚಿಲಕ ತೆಗೆಸಿದರು.

ಬಚ್ಚಲಿಗೂ ಮಲಗುವ ಕೋಣೆಗೂ ನಡುವಿನ ಓಣಿಯಂಥ ಜಾಗದಲ್ಲಿ, ಕಾಲೊರಸುವ ಮ್ಯಾಟನ್ನು ತಲೆಯಡಿಗೆ ಎಳೆದುಕೊಂಡು, ಬಲ ಮಗ್ಗುಲಾಗಿ ಮಲಗಿದ್ದರು. ಕಣ್ಣು ತೆರೆದಿತ್ತು. ತುಟಿ ಒಡೆದಿತ್ತು. ಎಡಗಾಲು ಬಲಗಾಲಿಗಿಂತ ಗಿಡ್ಡವಾದಂತೆ, ಪಾದ ಹೊರಗೆ ತಿರುಗಿದಂತೆ ಕಾಣುತ್ತಿತ್ತು. ನಮಗೆ ಅದರ ಅರ್ಥ ಗೊತ್ತಿರಲಿಲ್ಲ. ಬೂತಿನವನು ಕಂಕುಳಿಗೆ ಕೈ ಹಾಕಿ ಎತ್ತಲು ಹೋದ, ಅವರು ಚೀರಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಬಿದ್ದ ಹಿರಿಯರ ಕಾಲು ಹಾಗೆ ಗಿಡ್ಡವಾಗಿ ಹೊರಕ್ಕೆ ತಿರುಗಿದೆ ಎಂದರೆ ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿರುವ ಸಾಧ್ಯತೆ ಹೆಚ್ಚು. ಎತ್ತಿ ಕೂರಿಸಬಾರದು, ಎಳೆಯಬಾರದು. ಇದ್ದಲ್ಲೇ ಬಿಟ್ಟು, ಕಂಬಳಿ ಹೊದಿಸಿ, ಮಾತಾಡಿಸುತ್ತಾ ಇರಬೇಕು. ನೆರೆಮನೆಯವರು ಬಿಸಿ ಕಾಫಿ ತಂದರು. ಆಪರೇಷನ್ ಮಾಡಬೇಕಾಗಬಹುದು, ಬಾಯಿಗೆ ಏನೂ ಹಾಕಬೇಡಿ ಎಂದು ಆಂಬುಲೆನ್ಸಿನ ಹುಡುಗ ತಡೆದ. ಆ ಲೋಟ ಕಿಟಕಿಯ ಮೇಲೆಯೇ ಆರಿತು.

ಆ ಹುಡುಗ ಕೇಳಿದ ಮೊದಲ ಪ್ರಶ್ನೆ ಎಲ್ಲಿ ನೋವು ಎಂದಲ್ಲ. "ಬಿದ್ದು ಎಷ್ಟು ಹೊತ್ತಾಯ್ತು?"

ತಾತನಿಗೆ ದಿನವೇ ಗೊಂದಲವಾಗಿತ್ತು. ಇವತ್ತು ಸೋಮವಾರ ಎನ್ನುತ್ತಿದ್ದರು. ಉತ್ತರ ಕೊಟ್ಟದ್ದು ಗೇಟಿನ ಪೇಪರ್. ಸೋಮವಾರದ ಪೇಪರ್ ಐದೂವರೆಗೆ ಬೀಳುತ್ತದೆ, ಅದನ್ನು ಅವರು ಎತ್ತಿಕೊಂಡಿಲ್ಲ. ಬಚ್ಚಲಿನ ದೀಪ ಹಾಕಿದ್ದಾರೆ ಎಂದರೆ ಇನ್ನೂ ಕತ್ತಲಿತ್ತು. ಹಾಗಾದರೆ ಸೋಮವಾರ ಬೆಳಗಿನ ಜಾವ. ಈಗ ಮಂಗಳವಾರ ಎಂಟೂವರೆ. ಇಪ್ಪತ್ತೇಳು ಗಂಟೆಯ ಮೇಲೆ.

ಈ ಲೆಕ್ಕ ಏಕೆ ಅಷ್ಟು ಮುಖ್ಯ ಎಂದು ನನಗೆ ಆಸ್ಪತ್ರೆಯಲ್ಲಿ ತಿಳಿಯಿತು. ಬೀಳುವುದು ಒಂದು ಅಪಾಯ, ಬಿದ್ದಲ್ಲೇ ಇರುವುದು ಇನ್ನೊಂದು. ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ಒಂದೇ ಮಗ್ಗುಲಲ್ಲಿ ಮಲಗಿದರೆ ದೇಹದ ಭಾರವೇ ತೊಡೆ, ಪೃಷ್ಠ, ಭುಜದ ಮಾಂಸಖಂಡಗಳನ್ನು ಅದುಮುತ್ತದೆ. ರಕ್ತ ಸರಿಯಾಗಿ ಹರಿಯದೆ ಖಂಡ ಸಾಯತೊಡಗುತ್ತದೆ. ಸತ್ತ ಖಂಡದಿಂದ ಹೊರಬಿದ್ದ ಒಂದು ಕೆಂಪು ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ನೀರು ಕುಡಿಯದೆ ಒಣಗಿದ ದೇಹದಲ್ಲಿ ಇದು ಇನ್ನೂ ಬೇಗ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ಸೂಚನೆ. ತಾತನದ್ದು ಆ ಬಣ್ಣಕ್ಕೆ ಬಂದಿತ್ತು. ಹಾಗಾಗಿ ಮೂಳೆಯ ಕೆಲಸಕ್ಕೆ ಮೊದಲು ಎರಡು ದಿನ ಬಾಟಲಿಗಳ ಮೇಲೆ ಬಾಟಲಿ ಸಲೈನ್ ಕೊಟ್ಟು ಮೂತ್ರಪಿಂಡವನ್ನು ಕಾಪಾಡಿದರು. ಹೀಗೆ ಬಿದ್ದಿದ್ದವರು ಎಂದು ಗೊತ್ತಿರದಿದ್ದರೆ ಬರೀ ಮುರಿದ ಮೂಳೆಯ ಕೇಸು ಎಂದೇ ನೋಡುವ ಅಪಾಯ ಇರುತ್ತದೆ.

1981ರಲ್ಲಿ ಬ್ರಿಟನ್ನಿನ ಕೆಲವು ವೈದ್ಯರು, ಮನೆಯಲ್ಲಿ ಬಿದ್ದ ಹಿರಿಯರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ್ದರು. ಒಂದು ಗಂಟೆಗಿಂತ ಹೆಚ್ಚು ನೆಲದ ಮೇಲೆ ಉಳಿದವರಲ್ಲಿ ಅರ್ಧದಷ್ಟು ಜನ ಆರು ತಿಂಗಳೊಳಗೆ ತೀರಿಕೊಂಡಿದ್ದರು, ದೊಡ್ಡ ಪೆಟ್ಟಾಗದಿದ್ದವರೂ ಸೇರಿದಂತೆ. ಇದನ್ನು ಎಚ್ಚರದಿಂದ ಓದಬೇಕು. ನೆಲದ ಮೇಲೆ ಇದ್ದದ್ದರಿಂದಲೇ ಎಲ್ಲರೂ ಸತ್ತರು ಎಂದಲ್ಲ. ತಾವಾಗಿ ಏಳಲಾಗದವರು ಮೊದಲೇ ನಿಶ್ಶಕ್ತರಾಗಿದ್ದವರು. ಆದರೆ ಒಂದು ಗಂಟೆ ಎಂಬ ಗಡಿ ನೋಡಿ. ನಾವು ತೆಗೆದುಕೊಂಡದ್ದು ಇಪ್ಪತ್ತೇಳು.

ಮೊಬೈಲ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಊಟದ ಮನೆಯ ಗೂಡಿನಲ್ಲಿ, ಎದೆಯೆತ್ತರದಲ್ಲಿ, ಚಾರ್ಜಿಗೆ ಹಾಕಿತ್ತು. ನೆಲದಲ್ಲಿದ್ದವರಿಗೆ ಅದೂ ಒಂದೇ, ಹುಬ್ಬಳ್ಳಿಯೂ ಒಂದೇ. ಮಗಳು ಇರುವುದು ಹುಬ್ಬಳ್ಳಿಯಲ್ಲಿ, ಫೋನ್ ಮಾಡುವುದು ಭಾನುವಾರ ರಾತ್ರಿ. ಆ ಭಾನುವಾರ ರಾತ್ರಿಯೂ ಮಾಡಿದ್ದರು, ಎಲ್ಲ ಸರಿಯಾಗಿತ್ತು. ಅವರ ಲೆಕ್ಕದಲ್ಲಿ ಮುಂದಿನ ಭಾನುವಾರದವರೆಗೂ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಇನ್ನು ಕೊರಳಿಗೆ ಹಾಕಿಕೊಂಡು ಒತ್ತುವ ಗುಂಡಿಗಳು ಬಂದಿವೆ. ಕೇಂಬ್ರಿಜಿನಲ್ಲಿ ತೊಂಬತ್ತು ದಾಟಿದವರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಗುಂಡಿ ಮನೆಯಲ್ಲಿದ್ದೂ, ಒಬ್ಬರೇ ಇದ್ದಾಗ ಬಿದ್ದವರಲ್ಲಿ ಬಹುತೇಕರು ಅದನ್ನು ಒತ್ತಿರಲಿಲ್ಲ. ಕೆಲವರು ಹಾಕಿಕೊಂಡಿರಲಿಲ್ಲ, ಕೆಲವರಿಗೆ ಕೈಗೆಟುಕಲಿಲ್ಲ, ಇನ್ನು ಕೆಲವರಿಗೆ ತೊಂದರೆ ಕೊಡುವುದೇಕೆ, ತಾವೇ ಏಳೋಣ ಎಂಬ ಹಟ.

ಜಪಾನಿನಲ್ಲಿ ಒಂದು ಕಂಪನಿ 2001ರಿಂದ ಬಿಸಿನೀರಿನ ಫ್ಲಾಸ್ಕಿನೊಳಗೇ ಇಂಥದೊಂದು ಉಪಾಯ ಇಟ್ಟಿದೆ. ಒಂಟಿ ಹಿರಿಯರು ಚಹಾಕ್ಕೆ ನೀರು ಬಗ್ಗಿಸಿದಾಗಲೆಲ್ಲ ಅದು ಲೆಕ್ಕ ಇಟ್ಟುಕೊಂಡು, ದೂರದ ಮಕ್ಕಳಿಗೆ ಸಂದೇಶ ಕಳಿಸುತ್ತದೆ. ಹಿರಿಯರು ಏನನ್ನೂ ಒತ್ತಬೇಕಾಗಿಲ್ಲ, ಚಹಾ ಕುಡಿದರೆ ಸಾಕು. ಕಾಫಿ ಆಯ್ತಾ ಎಂದು ಫ್ಲಾಸ್ಕೇ ಕೇಳಿದ ಹಾಗೆ! ಉಪಾಯ ಚೆನ್ನಾಗಿದೆ. ಆದರೆ ಇವತ್ತು ನೀರು ಬಗ್ಗಿಸಿಲ್ಲ ಎಂದು ಹುಬ್ಬಳ್ಳಿಗೆ ಗೊತ್ತಾದರೂ ಸರಸ್ವತಿಪುರಂನಲ್ಲಿ ಯಾರಾದರೂ ಎದ್ದು ಹೋಗಿ ಬಾಗಿಲು ಬಡಿಯಲೇಬೇಕು. ಅದೇ ಜಪಾನಿನಲ್ಲಿ ಅದಕ್ಕೂ ಮೊದಲು, 1972ರಲ್ಲಿ, ಮನೆಮನೆಗೆ ಯಾಕುಲ್ಟ್ ಪಾನೀಯ ಹಾಕುತ್ತಿದ್ದ ಕೊರಿಯಾಮಾ ಊರಿನ ಹೆಂಗಸೊಬ್ಬಳು, ಒಂಟಿ ಹಿರಿಯರೊಬ್ಬರು ಯಾರಿಗೂ ತಿಳಿಯದೆ ಸತ್ತದ್ದನ್ನು ಕೇಳಿ, ತನ್ನ ಲೈನಿನ ಹಿರಿಯರ ಮನೆಗಳಿಗೆ ಕೈಯಿಂದ ಹಣ ಹಾಕಿ ಬಾಟಲಿ ಕೊಟ್ಟು ವಿಚಾರಿಸಿಕೊಂಡು ಬರತೊಡಗಿದಳು. ಆಮೇಲೆ ಕಂಪನಿ ಮತ್ತು ಊರಾಡಳಿತಗಳು ಅದನ್ನು ಕೈಗೆತ್ತಿಕೊಂಡು ದೇಶದ ಬೇರೆ ಕಡೆಗೂ ಹಬ್ಬಿಸಿದವು. ನಮ್ಮ ಪೇಪರ್ ಹುಡುಗನನ್ನು ನೋಡಿದಾಗಲೆಲ್ಲ ನನಗೆ ಆಕೆ ನೆನಪಾಗುತ್ತಾಳೆ. ವ್ಯತ್ಯಾಸ ಇಷ್ಟೇ, ಹಳೆಯ ಪೇಪರ್ ಎತ್ತದಿದ್ದರೆ ಯಾರಿಗೆ ಹೇಳಬೇಕು ಎಂದು ಇವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಅವನ ಫೋನಿನಲ್ಲಿ ನನ್ನ ನಂಬರಿದೆ, ಬೂತಿನವನದೂ ಇದೆ. ಹಿರಿಯರ ಸಹಾಯವಾಣಿ 14567 ಕೂಡ ಬರೆಸಿದ್ದೇನೆ, ಆದರೆ ಅದು ಸಲಹೆ, ನೆರವು, ದೂರುಗಳಿಗೆ. ಒಳಗಿನಿಂದ ಚೊಂಬಿನ ಸದ್ದು ಬಂದಾಗ ಒತ್ತಬೇಕಾದದ್ದು 112.

ಆಪರೇಷನ್ ಆಯಿತು. ಮಗಳು ಬಂದು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಯುಗಾದಿ ಕಳೆದ ಮೇಲೆ ತಾತ ಹಟ ಮಾಡಿ ವಾಪಸ್ ಬಂದರು. ವಾಕರ್ ಹಿಡಿದು ಗೇಟಿನವರೆಗೆ ಬಂದು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಾರೆ. ನಾನು ಈಗ ಕೆರೆಗೆ ಆ ಕ್ರಾಸಿನ ಮೂಲಕವೇ ಹೋಗುತ್ತೇನೆ. ಒಂದು ದಿನ ಕೇಳಿದೆ, ಆ ಇಪ್ಪತ್ತೇಳು ಗಂಟೆ ಏನು ಮಾಡಿದಿರಿ ಎಂದು.

"ಸೋಮವಾರ ಪೇಪರ್ ಬಿದ್ದ ಸದ್ದು ಕೇಳಿಸ್ತು. ಕೂಗ್ದೆ. ಆ ಹುಡುಗ ಹೋಗ್ಬಿಟ್ಟಿದ್ದ. ಆಮೇಲೆ ಪಕ್ಕದ ಮನೆಯವರು ಮೋಟಾರ್ ಹಾಕಿದ್ರು, ನನ್ನ ಧ್ವನಿ ನನಗೇ ಕೇಳಿಸ್ಲಿಲ್ಲ. ಆಮೇಲೆ ಕೂಗೋದು ಬಿಟ್ಟೆ, ಗಂಟಲು ಒಣಗ್ತಿತ್ತು. ಬಚ್ಚಲ ಬಾಗಿಲ ಹತ್ರ ಚೊಂಬಿತ್ತು. ಅದನ್ನ ಛತ್ರಿ ಕೊಕ್ಕೆಯಿಂದ ಎಳ್ಕೊಳ್ಳೋಕೆ ಮಧ್ಯಾಹ್ನ ಆಯ್ತು."

ಛತ್ರಿ ಬಚ್ಚಲಿಗೂ ಹೋಗುತ್ತಿತ್ತೇ ಎಂದು ಕೇಳಿದೆ.

"ಮತ್ತೆ? ಬೀಳಬಾರ್ದಲ್ಲ."

ಇಬ್ಬರೂ ನಕ್ಕೆವು. ಹೆಸರು ಈಗ ಗೊತ್ತು, ಆದರೆ ಕರೆಯುವುದು ಈಗಲೂ ತಾತ ಎಂದೇ.

ಕೆರೆಯ ಏರಿಯ ಮೇಲೆ ದಿನಾ ನೇರಳೆ ಬಣ್ಣದ ಶಾಲು ಹೊದ್ದು ಬರುವ ಒಬ್ಬ ಹಿರಿಯ ಮಹಿಳೆ ಇದ್ದಾರೆ. ಐದು ವರ್ಷದಿಂದ ನೋಡುತ್ತಿದ್ದೇನೆ, ಒಂದು ಮಾತೂ ಆಡಿಲ್ಲ. ಇದೆಲ್ಲ ಆದ ಮೇಲೆ ಧೈರ್ಯ ಮಾಡಿ ಒಂದು ಬೆಳಗ್ಗೆ ಕೈ ಮುಗಿದು, "ಅಮ್ಮಾ, ನಿಮ್ಮ ಮನೆ ಎಲ್ಲಿ ಬರುತ್ತೆ?" ಎಂದೆ. ಅವರು ಶಾಲನ್ನು ಕೊರಳಿನ ಸರ ಮುಚ್ಚುವ ಹಾಗೆ ಬಿಗಿಯಾಗಿ ಎಳೆದುಕೊಂಡು, "ಯಾಕೆ?" ಎಂದರು. ಯಾಕೆ ಎಂದು ಹೇಳಲು ನನಗೆ ಮಾತು ತೋಚಲಿಲ್ಲ. ಮಾರನೇ ದಿನದಿಂದ ಅವರು ಕೆರೆಯನ್ನು ಉಲ್ಟಾ ಸುತ್ತತೊಡಗಿದರು, ನಾನು ದೂರದಿಂದಲೇ ಕಾಣಲಿ ಎಂದು.

ಹೂವಮ್ಮನಿಗೆ ಇದನ್ನು ಹೇಳಿ ಪೆಚ್ಚಾಗಿ ನಿಂತೆ. ಅವಳು ದಾರ ಕಚ್ಚಿ ತುಂಡು ಮಾಡುತ್ತಾ ಅಂದಳು: "ಆ ನೇರಳೆ ಶಾಲಿನ ಅಮ್ಮಾವ್ರಾ? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ. ಅವ್ರ ದೇವರ ಮನೆಗೆ ದಿನಾ ಹೂ ಹಾಕೋದೇ ನಾನು."